ಸಿಡಿಲಿನ ತಲೆಗೆ ಕಟ್ಟುವ ತಪ್ಪು: ಹಳೇ ಗ್ರಾಫಿಕ್ಸ್ ಕಾರ್ಡ್ ಮತ್ತು ಸೆಕ್ಯೂರ್ ಬೂಟ್

ಕೊಡಗಿನಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾಯ್ತು ಅಂದ್ರೆ ಕಂಪ್ಯೂಟರ್ ರಿಪೇರಿ ಅಂಗಡಿಗಳಿಗೆ ಸುಗ್ಗಿ. ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರ, ಎಲ್ಲಿ ನೋಡಿದರೂ ಒಂದೇ ದೂರು. ಫ್ಯಾನ್ ತಿರುಗುತ್ತೆ, ಲೈಟ್ ಉರಿಯುತ್ತೆ, ಡಿಸ್‌ಪ್ಲೇ ಬರಲ್ಲ. ಅದರ ಹಿಂದೆಯೇ ಒಂದೇ ತೀರ್ಪು: ಸಿಡಿಲಿಗೆ ಕಾರ್ಡ್ ಹೋಗಿದೆ.

ಎಷ್ಟೋ ಸಲ ನಿಜವಾಗಿಯೂ ಹೋಗಿರುತ್ತೆ, ಇಲ್ಲ ಅನ್ನಲ್ಲ. ಆದರೆ ಇನ್ನು ಕೆಲವು ಸಲ ಕಾರ್ಡಿಗೆ ಏನೂ ಆಗಿರುವುದಿಲ್ಲ. ಕಾರ್ಡಿನೊಳಗೆ ಒಂದು ಪುಟ್ಟ ಪ್ರೋಗ್ರಾಂ ಇರುತ್ತೆ. ಅದನ್ನು ಓಡಿಸಲು ಮದರ್‌ಬೋರ್ಡ್ ಒಪ್ಪುತ್ತಿಲ್ಲ, ಅಷ್ಟೇ. ಇದನ್ನು ಗುರುತಿಸದೆ ಚೆನ್ನಾಗಿರುವ ಕಾರ್ಡನ್ನು ಗುಜರಿಗೆ ಹಾಕುವುದು, ಕೆಲವೊಮ್ಮೆ ಬೋರ್ಡನ್ನೇ ಬದಲಾಯಿಸುವುದು ನಡೆದೇ ಇದೆ. ಈಗ ಎಲ್ಲರೂ ವಿಂಡೋಸ್ 11ಕ್ಕೆ ಹೋಗುತ್ತಿದ್ದಾರೆ, ಆಟ ಆಡುವ ಹುಡುಗರು, ನಂಬಿಕಸ್ಥರ ಡಿಜಿಟಲ್ ಸಹಿ ಇಲ್ಲದ ಕೋಡನ್ನು ಬೂಟ್ ಹೊತ್ತಿನಲ್ಲಿ ಓಡಲು ಬಿಡದ ಸೆಕ್ಯೂರ್ ಬೂಟನ್ನು ಆನ್ ಮಾಡುತ್ತಿದ್ದಾರೆ. ಹಾಗಾಗಿ ಈ ತೊಂದರೆ ಮೊದಲಿಗಿಂತ ಜಾಸ್ತಿ ಕಾಣಿಸಿಕೊಳ್ಳುತ್ತಿದೆ.

ಕಾರ್ಡಿನೊಳಗಿನ ಪ್ರೋಗ್ರಾಂ

ಪವರ್ ಬಟನ್ ಒತ್ತಿದ ತಕ್ಷಣ ಪರದೆ ಮೇಲೆ ಕಂಪನಿಯ ಲೋಗೋ ಬರುತ್ತಲ್ವಾ, ಆಗ ಇನ್ನೂ ವಿಂಡೋಸ್ ಎದ್ದಿರುವುದಿಲ್ಲ, ಡ್ರೈವರೂ ಇರುವುದಿಲ್ಲ. ಹಾಗಾದರೆ ಕಾರ್ಡನ್ನು ನಡೆಸುತ್ತಿರುವುದು ಯಾರು? ಆ ಕಾರ್ಡಿನ ಮೇಲೆಯೇ ಇರುವ ಒಂದು ಚಿಕ್ಕ ಚಿಪ್. ಅದರಲ್ಲಿ ಬರೆದಿಟ್ಟ ಕೋಡನ್ನು ಆಪ್ಷನ್ ರೋಮ್ ಅನ್ನುತ್ತಾರೆ. ಬೋರ್ಡಿನ ಬಯೋಸ್ ಅದನ್ನು ಓದಿ ಓಡಿಸುತ್ತೆ. ಆ ಕೋಡ್ ಕಾರ್ಡನ್ನು ಎಬ್ಬಿಸಿ, ಮಾನಿಟರ್ ಯಾವುದು ಅಂತ ನೋಡಿ, ಪರದೆ ತೆರೆಯುತ್ತೆ. ಬೋರ್ಡ್ ಮಾಡಿದವರು ಬೇರೆ, ಈ ಕೋಡ್ ಬರೆದವರು ಬೇರೆ. ಇಡೀ ತಕರಾರು ಹುಟ್ಟುವುದು ಇಲ್ಲಿಂದಲೇ.

ಈ ಕೋಡಿನಲ್ಲಿ ಎರಡು ಜಾತಿ ಇದೆ.

ಒಂದು ಹಳೇ ಕಾಲದ್ದು. ಐಬಿಎಂ ಪಿಸಿಯ ದಿನಗಳಿಂದ ಬಂದ 16 ಬಿಟ್ ಕೋಡ್. ಬಯೋಸ್ ಅದನ್ನು ಮೆಮೊರಿಯಲ್ಲಿ `C0000` ಅನ್ನುವ ವಿಳಾಸದಲ್ಲಿ ಇಟ್ಟು ಓಡಿಸುತ್ತಿತ್ತು. ಪರದೆಗೆ ಏನು ಬರೆಯಬೇಕಾದರೂ `INT 10h` ಅಂತ ಅದನ್ನು ಕರೆಯುತ್ತಿತ್ತು. ಇದನ್ನು ಲೆಗಸಿ ರೋಮ್ ಅನ್ನೋಣ.

ಇನ್ನೊಂದು, ಹಳೇ ಬಯೋಸಿನ ಜಾಗಕ್ಕೆ ಬಂದ ಯುಇಎಫ್‌ಐ ಕಾಲದ್ದು. ಇದು ಒಂದು ಪೂರ್ಣ ಪ್ರಮಾಣದ ಡ್ರೈವರ್ ಫೈಲ್. ವಿಂಡೋಸಿನ `.exe` ಫೈಲಿನ ಒಳರಚನೆ ಹೇಗಿರುತ್ತೋ ಇದೂ ಹಾಗೆಯೇ, ಡಿಜಿಟಲ್ ಸಹಿ ಹಾಕಲು ಜಾಗವೂ ಇದೆ. ಗ್ರಾಫಿಕ್ಸ್ ಕಾರ್ಡಿನಲ್ಲಿ ಇದು ಮಾಡಿಕೊಡುವ ಸೌಲಭ್ಯದ ಹೆಸರು ಜಿಒಪಿ. ಕಾರ್ಡಿಗೆ ಜಿಒಪಿ ಇದೆ ಅಂದರೆ ಯುಇಎಫ್‌ಐ ಬೋರ್ಡಿನ ಜೊತೆ ಅದು ನೇರವಾಗಿ ಕೆಲಸ ಮಾಡಬಲ್ಲದು ಅಂತ ಅರ್ಥ.

ನಡುವಿನ ಕಾಲದಲ್ಲಿ ಹೊಸ ಬೋರ್ಡಿಗೆ ಹಳೇ ಕಾರ್ಡ್ ಹಾಕಿದರೂ ನಡೆಯುತ್ತಿತ್ತು. ಬೋರ್ಡಿನ ಒಳಗೆ ಸಿಎಸ್‌ಎಂ ಅನ್ನುವ ಹೊಂದಾಣಿಕೆಯ ಭಾಗ ಇತ್ತಲ್ಲ, ಅದರಿಂದ. ಅದು 16 ಬಿಟ್ ಲೆಗಸಿ ರೋಮನ್ನು ಓಡಿಸಿ, ಅದರ ಮೇಲೊಂದು ಹೊದಿಕೆ ಹಾಕಿ, ಯುಇಎಫ್‌ಐಗೆ ಬೇಕಾದ ರೂಪದಲ್ಲಿ ಪರದೆಯನ್ನು ಕೊಡುತ್ತಿತ್ತು. ಅದಕ್ಕೇ ಹಳೇ ಕಾರ್ಡ್ ಇಟ್ಟುಕೊಂಡು ಯುಇಎಫ್‌ಐ ರೀತಿಯಲ್ಲಿ ವಿಂಡೋಸ್ ಹಾಕಿದ್ದವರಿಗೂ ಏನೂ ಗೊತ್ತಾಗಲಿಲ್ಲ. ಸಿಎಸ್‌ಎಂ ತೆಗೆದುಬಿಟ್ಟರೆ ಲೆಗಸಿ ರೋಮ್ ಓಡಿಸುವವರೇ ಇಲ್ಲ.

ಸೆಕ್ಯೂರ್ ಬೂಟ್ ಆನ್ ಮಾಡಬೇಕಾದರೆ ಸಿಎಸ್‌ಎಂ ಆಫ್ ಆಗಲೇಬೇಕು. ಕಾರಣ ಸರಳ. ಲೆಗಸಿ ರೋಮಿನಲ್ಲಿ ಸಹಿ ಹಾಕುವ ಜಾಗವೇ ಇಲ್ಲ. ಸಹಿ ಇಲ್ಲದ ಕೋಡನ್ನು ಒಂದು ಬಾಗಿಲಿನಿಂದ ಬಿಟ್ಟುಕೊಂಡು ಇನ್ನೊಂದು ಬಾಗಿಲಿನಲ್ಲಿ ಸಹಿ ಕೇಳಿದರೆ ಏನು ಪ್ರಯೋಜನ?

ಎರಡು ಕಪ್ಪು ಪರದೆ, ಎರಡು ಕಾರಣ

ನನ್ನ ಪ್ರಕಾರ ಇಡೀ ವಿಷಯದಲ್ಲಿ ತಲೆಯಲ್ಲಿ ಇಟ್ಟುಕೊಳ್ಳಬೇಕಾದ್ದು ಇದೊಂದೇ. 'ಸೆಕ್ಯೂರ್ ಬೂಟಿನಿಂದ ಡಿಸ್‌ಪ್ಲೇ ಹೋಯ್ತು' ಅನ್ನುವಾಗ ಜನ ಎರಡು ಬೇರೆ ಬೇರೆ ತೊಂದರೆಗಳನ್ನು ಒಂದೇ ಬುಟ್ಟಿಗೆ ಹಾಕುತ್ತಾರೆ.

ಮೊದಲನೆಯದು, ಕಾರ್ಡಿನಲ್ಲಿ ಜಿಒಪಿಯೇ ಇಲ್ಲ, ಬರೀ ಲೆಗಸಿ ರೋಮ್ ಇದೆ. ಇಲ್ಲಿ ಸೆಕ್ಯೂರ್ ಬೂಟನ್ನು ಆಫ್ ಮಾಡಿದರೂ ಪರದೆ ಬರಲ್ಲ. ಸಿಎಸ್‌ಎಂ ಆನ್ ಮಾಡಲೇಬೇಕು. ಎರಡನೆಯದು, ಜಿಒಪಿ ಇದೆ, ಆದರೆ ಅದಕ್ಕೆ ಸಹಿ ಇಲ್ಲ, ಅಥವಾ ಸಹಿ ಇದ್ದರೂ ಆ ಸಹಿಯನ್ನು ಈ ಬೋರ್ಡ್ ನಂಬುವುದಿಲ್ಲ. ಇಲ್ಲಿ ಸೆಕ್ಯೂರ್ ಬೂಟ್ ಒಂದನ್ನು ಆಫ್ ಮಾಡಿದರೆ ಸಾಕು, ಪರದೆ ಬರುತ್ತೆ. ಸಿಎಸ್‌ಎಂ ಮುಟ್ಟಬೇಕಾಗಿಯೇ ಇಲ್ಲ.

ಯಾವ ಸ್ವಿಚ್ಚಿಗೆ ಪರದೆ ಬಂತು ಅನ್ನುವುದರಲ್ಲೇ ಕಾರಣ ಗೊತ್ತಾಗಿಬಿಡುತ್ತೆ. ಆದರೆ ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಏನೂ ಗೊತ್ತಾಗಲ್ಲ. ಒಂದಾದ ಮೇಲೆ ಒಂದು ಮಾಡಿ.

ಯಾವ ಕಾರ್ಡುಗಳು ಮೊದಲನೇ ಗುಂಪಿಗೆ ಸೇರುತ್ತವೆ ಅಂತ ಕೇಳಿದರೆ, ಸುಮಾರಾಗಿ 2012ರ ಗಡಿ ಹಾಕಿಕೊಳ್ಳಬಹುದು. ಆ ವರ್ಷ ವಿಂಡೋಸ್ 8 ಬಂತು, ಸೆಕ್ಯೂರ್ ಬೂಟೂ ಅದರ ಜೊತೆಗೇ ಬಂತು. ಅದಕ್ಕಿಂತ ಹಿಂದಿನ ಜಿಫೋರ್ಸ್ 210, 8400 ಜಿಎಸ್, ಎಚ್‌ಡಿ 5450ರಂಥವು ಲೆಗಸಿ. ಆ ವರ್ಷದ ಆಸುಪಾಸಿನ ಜಿಟಿ 610ರಲ್ಲೂ ಬಹುಪಾಲು ಲೆಗಸಿಯೇ. ಆಮೇಲೆ ಬಂದ ಜಿಟಿ 710, ಜಿಟಿ 730ರಲ್ಲಿ ಮಾತ್ರ ಹೆಸರು ನೋಡಿ ಏನೂ ಹೇಳುವ ಹಾಗಿಲ್ಲ. ಜಿಟಿ 730 ಅನ್ನುವ ಒಂದೇ ಹೆಸರಿನಲ್ಲಿ ಎರಡು ತಲೆಮಾರಿನ ಚಿಪ್‌ಗಳು ಮಾರಾಟವಾಗಿವೆ. ಪೆಟ್ಟಿಗೆ ಒಂದೇ, ಒಳಗಿನ ರೋಮ್ ಬೇರೆ.

ಸಿದ್ದಾಪುರದ ಕಡೆಯ ಒಂದು ತೋಟದ ಆಫೀಸ್

ನಾನು ನೋಡಿದ ಒಂದು ಪ್ರಕರಣ ಹೇಳುತ್ತೇನೆ, ಇದರಲ್ಲಿ ಎಲ್ಲವೂ ಇದೆ. ಕಾಫಿ ತೋಟದ ಆಫೀಸು. ಆಳುಗಳ ಹಾಜರಿಯ ಚೆಕ್‌ರೋಲ್, ಸಂಬಳದ ಲೆಕ್ಕ ಎಲ್ಲ ಅದೇ ಕಂಪ್ಯೂಟರಿನಲ್ಲಿ. ಎಚ್510 ಬೋರ್ಡ್, ಕೋರ್ ಐ3 10100ಎಫ್ ಪ್ರೊಸೆಸರ್. ಕೊನೆಯ ಆ 'ಎಫ್' ಅಕ್ಷರ ನೋಡಿಕೊಳ್ಳಿ. ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇಲ್ಲ ಅಂತ ಅದರ ಅರ್ಥ. ಹಾಗಾಗಿ ಪರದೆಗೆ ಬೇರೆ ಕಾರ್ಡ್ ಬೇಕೇ ಬೇಕು. ಆಗ ಕೈಗೆ ಸಿಕ್ಕಿದ್ದು ಹಳೇ ಮೆಷಿನ್ನಿನಿಂದ ಬಿಚ್ಚಿಟ್ಟಿದ್ದ ಜಿಟಿ 610. ಜೋಡಿಸಿಕೊಟ್ಟವರು ಸಿಎಸ್‌ಎಂ ಆನ್ ಮಾಡಿ ಕೊಟ್ಟಿದ್ದರು. ವರ್ಷಗಟ್ಟಲೆ ಚೆನ್ನಾಗಿಯೇ ನಡೆಯಿತು.

ಒಂದು ಮೇ ತಿಂಗಳು ಜೋರು ಗುಡುಗು. ಅಲ್ಲಿನ ರೈಟರು ಬುದ್ಧಿವಂತರು, ಗುಡುಗು ಕೇಳಿದ ತಕ್ಷಣ ಪ್ಲಗ್ ಕಿತ್ತುಬಿಡುತ್ತಾರೆ. ಲೈನಿನ ಮೇಲೆ ಮರ ಬಿದ್ದು ಕೆಲವು ದಿನ ಕರೆಂಟೂ ಬರಲಿಲ್ಲ. ಬಂದ ಮೇಲೆ ಪ್ಲಗ್ ಹಾಕಿ ಆನ್ ಮಾಡಿದರೆ ಪರದೆ ಕಪ್ಪು. ಹತ್ತಿರದ ಪೇಟೆಯಿಂದ ಬಂದ ಹುಡುಗ ಕಾರ್ಡನ್ನು ಬಿಚ್ಚಿ, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ರ‍್ಯಾಮ್ ತೆಗೆದು ಹಾಕಿ, ಕೊನೆಗೆ ಬಯೋಸ್ ರೀಸೆಟ್ ಕೂಡ ಮಾಡಿದ. ಏನೂ ಆಗಲಿಲ್ಲ. 'ಸಿಡಿಲು ಹೊಡ್ದಿದೆ ಸಾರ್, ಕಾರ್ಡ್ ಹೋಗಿದೆ, ಬೋರ್ಡೂ ಡೌಟು' ಅಂದ.

ಪ್ಲಗ್ಗೇ ಕಿತ್ತಿಟ್ಟಿದ್ದ ಮೆಷಿನ್ನಿಗೆ ಸಿಡಿಲು ಎಲ್ಲಿಂದ ಹೊಡೆಯಬೇಕು? ನೆಟ್‌ವರ್ಕ್ ಕೇಬಲ್ಲಿನಿಂದ ಹೊಡೆಯಬಹುದು, ಅದು ಬೇರೆ ಮಾತು. ಆದರೆ ಮೆಷಿನ್ ಸತ್ತಿರಲಿಲ್ಲ ಅನ್ನಲು ಅಲ್ಲೇ ಸಾಕ್ಷಿ ಇತ್ತು. ಕೀಬೋರ್ಡಿನ ನಮ್ ಲಾಕ್ ಒತ್ತಿದರೆ ಅದರ ದೀಪ ಹತ್ತಿ ಆರುತ್ತಿತ್ತು. ಬೋರ್ಡಿನ ಮೇಲೆ `VGA` ಅಂತ ಬರೆದಿರುವ ಪುಟ್ಟ ದೀಪ ಮಾತ್ರ ಉರಿಯುತ್ತಲೇ ಇತ್ತು, ಸಿಪಿಯು ಮತ್ತು ರ‍್ಯಾಮಿನ ದೀಪಗಳು ಆರಿದ್ದವು. ಎರಡು ನಿಮಿಷ ಬಿಟ್ಟು ಫೋನಿನಲ್ಲಿ ರೌಟರಿನ ಪುಟ ತೆರೆದು ನೋಡಿದರೆ ಈ ಕಂಪ್ಯೂಟರಿನ ಹೆಸರು ಪಟ್ಟಿಯಲ್ಲಿತ್ತು. ಅಂದರೆ ಒಳಗೆ ವಿಂಡೋಸ್ ಎದ್ದು ಕೂತಿದೆ, ನೆಟ್ಟಿಗೂ ಸೇರಿದೆ, ಮುಖ ಮಾತ್ರ ತೋರಿಸುತ್ತಿಲ್ಲ.

(ಎಲ್ಲ ಬೋರ್ಡೂ ಹೀಗೆ ಮುಂದಕ್ಕೆ ಹೋಗುವುದಿಲ್ಲ. ಕೆಲವು ಡಿಸ್‌ಪ್ಲೇ ಸಿಗದಿದ್ದರೆ ಅಲ್ಲೇ ಬೀಪ್ ಮಾಡಿ ನಿಲ್ಲುತ್ತವೆ. ಇನ್ನು ಕೆಲವು ಜಾಣ ಬೋರ್ಡುಗಳು ಜಿಒಪಿ ಇಲ್ಲದ ಕಾರ್ಡ್ ಕಂಡರೆ ತಾವೇ ಸಿಎಸ್‌ಎಂ ಆನ್ ಮಾಡಿಕೊಂಡು, ಹೀಗೆ ಬದಲಾಯಿಸಿದ್ದೇನೆ ಅಂತ ಪರದೆ ಮೇಲೆ ಒಂದು ಸಂದೇಶವನ್ನೂ ಹಾಕುತ್ತವೆ. ಈ ಬೋರ್ಡ್ ಅಷ್ಟು ಜಾಣ ಆಗಿರಲಿಲ್ಲ.)

ಆಗಿದ್ದು ಇಷ್ಟು. ಬೋರ್ಡಿನ ಮೇಲಿರುವ ಸಿಆರ್2032 ಸೆಲ್ ಖಾಲಿಯಾಗಿತ್ತು. ಪ್ಲಗ್ ಹಾಕಿದ್ದಷ್ಟು ಹೊತ್ತು, ಮೆಷಿನ್ ಆಫ್ ಇದ್ದರೂ, ಎಸ್‌ಎಂಪಿಎಸ್ ಸ್ವಲ್ಪ ಕರೆಂಟ್ ಕೊಡುತ್ತಲೇ ಇರುತ್ತೆ, ಸೆಲ್ಲಿನ ಮೇಲೆ ಭಾರ ಬೀಳುವುದಿಲ್ಲ. ಪ್ಲಗ್ ಕಿತ್ತರೆ ಮಾತ್ರ ಸೆಲ್ಲೇ ಗತಿ. ನಮ್ಮ ಕಡೆ ಮಳೆಗಾಲದಲ್ಲಿ ಪ್ಲಗ್ ಕಿತ್ತಿಡುವುದೇ ಜಾಸ್ತಿ, ಕರೆಂಟ್ ಹೋಗುವುದೂ ಜಾಸ್ತಿ. ಹಾಗಾಗಿ ಇಲ್ಲಿ ಈ ಸೆಲ್ಲುಗಳು ಬೇಗ ಸೋಲುತ್ತವೆ. ಸೆಲ್ ಸೋತಾಗ ಕೆಲವು ಬೋರ್ಡುಗಳು ಬಯೋಸ್ ಸೆಟ್ಟಿಂಗನ್ನು ಮರೆತು ಕಾರ್ಖಾನೆಯಲ್ಲಿ ಹಾಕಿದ್ದಕ್ಕೆ ಮರಳುತ್ತವೆ. ಈ ಬೋರ್ಡಿನಲ್ಲಿ ಕಾರ್ಖಾನೆಯ ಸೆಟ್ಟಿಂಗ್ ಏನು? ಸಿಎಸ್‌ಎಂ ಆಫ್.

ಈಗ ಆ ಹುಡುಗ ಮಾಡಿದ ಬಯೋಸ್ ರೀಸೆಟ್ ನೋಡಿ. ಕಪ್ಪು ಪರದೆ ಕಂಡರೆ ಯಾರೇ ಆದರೂ ಮೊದಲು ಮಾಡುವುದು ಅದನ್ನೇ, ಬೇರೆ ನೂರು ತೊಂದರೆಗಳಿಗೆ ಅದು ಸರಿಯಾದ ಮದ್ದೂ ಹೌದು. ಆದರೆ ಇಲ್ಲಿ ರೀಸೆಟ್ ಮಾಡಿದಷ್ಟೂ ಸಿಎಸ್‌ಎಂ ಆಫ್ ಆಗಿಯೇ ಉಳಿಯುತ್ತೆ. ರೋಗ ತಂದ ಸೆಟ್ಟಿಂಗನ್ನೇ ಮತ್ತೆ ಮತ್ತೆ ಹಾಕಿದ ಹಾಗೆ. ಆನ್ ಮಾಡೋಣ ಅಂದರೆ ಬಯೋಸ್ ಒಳಗೆ ಹೋಗಬೇಕು, ಹೋದರೂ ನೋಡಲು ಪರದೆ ಇಲ್ಲ. ಬಯೋಸ್ ಅಪ್‌ಡೇಟ್ ಮಾಡಿದ ಮೇಲೆ ಡಿಸ್‌ಪ್ಲೇ ಹೋಯ್ತು ಅನ್ನುವ ದೂರಿಗೂ ಎಷ್ಟೋ ಸಲ ಇದೇ ಕಾರಣ, ಅಪ್‌ಡೇಟ್ ಆದ ಮೇಲೂ ಸೆಟ್ಟಿಂಗುಗಳು ಕಾರ್ಖಾನೆಯ ಸ್ಥಿತಿಗೆ ಹೋಗುತ್ತವೆ.

ಹೊರಬರುವ ದಾರಿ ಒಂದೇ. ಜಿಒಪಿ ಇರುವ ಇನ್ನೊಂದು ಕಾರ್ಡನ್ನು ಸ್ವಲ್ಪ ಹೊತ್ತಿಗೆ ಸಾಲ ತರುವುದು. ಪಕ್ಕದ ತೋಟದಲ್ಲಿ ಜಿಟಿ 1030 ಇತ್ತು. ಅದನ್ನು ಹಾಕಿದ ತಕ್ಷಣ ಪರದೆ ಬಂತು. ಬೋರ್ಡ್ ಚೆನ್ನಾಗಿದೆ ಅಂತ ಅಲ್ಲಿಗೇ ತೀರ್ಮಾನವಾಯ್ತು. ಗಡಿಯಾರ ಎಷ್ಟೋ ವರ್ಷ ಹಿಂದಿನ ತಾರೀಕು ತೋರಿಸುತ್ತಿತ್ತು, ಸೆಲ್ ಸತ್ತಿದ್ದಕ್ಕೆ ಅದೇ ಗುರುತು. ಹೊಸ ಸೆಲ್ ಹಾಕಿ, ಬಯೋಸಿನಲ್ಲಿ ಸಿಎಸ್‌ಎಂ ಆನ್ ಮಾಡಿ ಉಳಿಸಿ, ಆಫ್ ಮಾಡಿ, ಹಳೇ ಜಿಟಿ 610 ವಾಪಸ್ ಹಾಕಿದರೆ ಅದೂ ಎದ್ದು ಕೂತಿತು. ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇದ್ದಿದ್ದರೆ ಇಷ್ಟೂ ಬೇಕಿರಲಿಲ್ಲ. ಕಾರ್ಡ್ ತೆಗೆದು ಮಾನಿಟರ್ ಕೇಬಲ್ಲನ್ನು ಬೋರ್ಡಿಗೇ ಚುಚ್ಚಿದ್ದರೆ ಸಾಕಿತ್ತು. ಆ ಗ್ರಾಫಿಕ್ಸಿನ ಜಿಒಪಿ ಬಯೋಸಿನ ಒಳಗೇ ಇರುತ್ತೆ, ಅದಕ್ಕೆ ಹೊರಗಿನವರ ಸಹಿ ಬೇಡ. ಆದರೆ ಇಂಟೆಲ್ 500 ಸರಣಿಯ ಬೋರ್ಡುಗಳಿಂದ ಈಚೆಗೆ ಅದರಲ್ಲೂ ಒಂದು ತೊಡಕು ಇದೆ. 11ನೇ ತಲೆಮಾರಿನ ಪ್ರೊಸೆಸರಿನ ಗ್ರಾಫಿಕ್ಸಿಗೆ ಲೆಗಸಿ ರೋಮೇ ಇಲ್ಲ, ಹಾಗಾಗಿ ಬೇರೆ ಕಾರ್ಡ್ ಹಾಕದಿದ್ದರೆ ಎಷ್ಟೋ ಬೋರ್ಡುಗಳು ಸಿಎಸ್‌ಎಂ ಆನ್ ಮಾಡಲು ಬಿಡುವುದೇ ಇಲ್ಲ.

ಆ ಆಫೀಸಿನವರು ಕೊನೆಗೆ ಜಿಟಿ 610 ಬಿಟ್ಟು ಬೇರೆ ಕಾರ್ಡ್ ತಗೊಂಡರು. ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ ಬೆಂಬಲ ನಿಂತಿತು, ಪ್ರೊಸೆಸರ್ ವಿಂಡೋಸ್ 11ಕ್ಕೆ ನಡೆಯುತ್ತೆ, ಕಾರ್ಡ್ ಒಂದೇ ಅಡ್ಡಿ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಲೆಕ್ಕಪತ್ರ ಇರುವ ಮೆಷಿನ್ನನ್ನು ಒಂದು ಸೆಲ್ಲಿನ ಭರವಸೆಯ ಮೇಲೆ ಬಿಡುವುದು ಸರಿಯಲ್ಲ.

ಕೊಳ್ಳುವ ಮೊದಲು ನೋಡುವುದು ಹೇಗೆ

ಮೈಸೂರಿನಿಂದಲೋ ಆನ್‌ಲೈನಿನಲ್ಲೋ ಸೆಕೆಂಡ್ ಹ್ಯಾಂಡ್ ಕಾರ್ಡ್ ತರುವವರು ಮಾರುವವರಿಂದ ಒಂದು ಫೋಟೋ ಕೇಳಿ. ಜಿಪಿಯು-ಝೆಡ್ ಅನ್ನುವ ಉಚಿತ ತಂತ್ರಾಂಶದ ಮೊದಲ ಪುಟದಲ್ಲೇ ಬಯೋಸ್ ಆವೃತ್ತಿಯ ಪಕ್ಕ `UEFI` ಅಂತ ಒಂದು ಚೌಕ ಇರುತ್ತೆ. ಟಿಕ್ ಇದ್ದರೆ ಜಿಒಪಿ ಇದೆ. ಇಲ್ಲದಿದ್ದರೆ ಹೊಸ ಬೋರ್ಡಿಗೆ ಆ ಕಾರ್ಡ್ ಬೇಡ.

ಲಿನಕ್ಸ್ ಇದ್ದರೆ ರೋಮನ್ನೇ ಹೊರಗೆ ತೆಗೆದು ನೋಡಬಹುದು. ಕಾರ್ಡ್ ಯಾವ ವಿಳಾಸದಲ್ಲಿದೆ ಅಂತ `lspci` ಹೇಳುತ್ತೆ, ಸಾಮಾನ್ಯವಾಗಿ `01:00.0`.

```
cd /sys/bus/pci/devices/0000:01:00.0
echo 1 | sudo tee rom
sudo cat rom > /tmp/card.rom
echo 0 | sudo tee rom
rom-parser /tmp/card.rom
```

`rom-parser` ಅನ್ನುವುದನ್ನು ಬೇರೆಯಾಗಿ ಹಾಕಿಕೊಳ್ಳಬೇಕು, ಚಿಕ್ಕ ಪ್ರೋಗ್ರಾಂ. ಅದು ಕೊಡುವ ಉತ್ತರದಲ್ಲಿ `type 0 (x86 PC-AT)` ಅಂತ ಒಂದೇ ಸಾಲು ಇದ್ದರೆ ಲೆಗಸಿ ಮಾತ್ರ. ಅದರ ಕೆಳಗೆ `type 3 (EFI)` ಅಂತ ಇನ್ನೊಂದು ಬಂದರೆ ಎರಡೂ ಇವೆ. ಒಂದೇ ಚಿಪ್ಪಿನಲ್ಲಿ ಎರಡನ್ನೂ ಒಂದರ ಹಿಂದೆ ಒಂದು ಬರೆದಿಟ್ಟಿರುತ್ತಾರೆ, ಪ್ರತಿಯೊಂದೂ `55 AA` ಅನ್ನುವ ಎರಡು ಬೈಟಿನಿಂದ ಶುರುವಾಗುತ್ತೆ. ಬೋರ್ಡ್ ತನಗೆ ಬೇಕಾದ ಜಾತಿಯನ್ನು ಆರಿಸಿಕೊಳ್ಳುತ್ತೆ.

ಜಿಒಪಿ ಇಲ್ಲದ ಕಾರ್ಡಿಗೆ ಬೇರೆ ಕಾರ್ಡಿನ ರೋಮ್ ತಂದು ಬರೆಯುವ ಉಪಾಯಗಳು ಓಡಾಡುತ್ತಿವೆ. ಸುಮ್ನೆ ಕೈ ಹಾಕಬೇಡಿ. ಮೆಮೊರಿ ಚಿಪ್ ಬೇರೆ ಇದ್ದರೆ ಇದ್ದ ಡಿಸ್‌ಪ್ಲೇಯೂ ಹೋಗುತ್ತೆ. ಕಾರ್ಡ್ ಮಾಡಿದ ಕಂಪನಿಯೇ ಅದೇ ಮಾದರಿಗೆ ಕೊಟ್ಟ ಅಪ್‌ಡೇಟ್ ಇದ್ದರೆ ಅದು ಬೇರೆ ವಿಷಯ.

ಆಟ ಆಡುವವರಿಗೂ ಒಂದು ಮಾತು. ವ್ಯಾಲರಂಟ್ ವಿಂಡೋಸ್ 11ರಲ್ಲಿ ಸೆಕ್ಯೂರ್ ಬೂಟ್ ಕೇಳುತ್ತೆ, ಬ್ಯಾಟಲ್‌ಫೀಲ್ಡ್ 6 ಕೂಡ ಕೇಳುತ್ತೆ. ಆಟ ಓಡಲಿ ಅಂತ ಬಯೋಸಿಗೆ ಹೋಗಿ ಸಿಎಸ್‌ಎಂ ಆಫ್ ಮಾಡುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಕಾರ್ಡಿನ `UEFI` ಚೌಕದಲ್ಲಿ ಟಿಕ್ ಇದೆಯಾ, ಮತ್ತು `msinfo32` ತೆರೆದರೆ `BIOS Mode` ಎದುರು `UEFI` ಅಂತ ಇದೆಯಾ. ಅಲ್ಲಿ `Legacy` ಅಂತ ಇದ್ದರೆ ಪರದೆ ಬಂದರೂ ವಿಂಡೋಸ್ ಏಳುವುದಿಲ್ಲ. ಡಿಸ್ಕನ್ನು ಮೊದಲು ಜಿಪಿಟಿ ಅನ್ನುವ ಹೊಸ ವಿಭಾಗ ಪದ್ಧತಿಗೆ ಬದಲಾಯಿಸಬೇಕು.

ಸಹಿ ಯಾರದ್ದು

ಇನ್ನು ಎರಡನೇ ಜಾತಿಯ ಕಪ್ಪು ಪರದೆ. ಜಿಒಪಿ ಇದೆ, ಆದರೂ ಬೋರ್ಡ್ ಬೇಡ ಅನ್ನುತ್ತೆ.

ಕಾರ್ಡಿನ ಕೋಡಿಗೂ ಸಹಿ ಬೇಕಾ ಅಂತ ಕೇಳುವವರಿದ್ದಾರೆ. ಬೇಕು. ಆಪ್ಷನ್ ರೋಮ್ ಓಡುವುದು ವಿಂಡೋಸಿಗಿಂತ ಮೊದಲು, ಇಡೀ ಮೆಷಿನ್ನಿನ ಮೇಲೆ ಪೂರ್ತಿ ಹಿಡಿತ ಇಟ್ಟುಕೊಂಡು. ಆಂಟಿವೈರಸ್ ಆಗ ಇನ್ನೂ ಹುಟ್ಟಿರುವುದಿಲ್ಲ. 2014ರ ಡಿಸೆಂಬರಿನಲ್ಲಿ ಹ್ಯಾಂಬರ್ಗಿನ ಸಮ್ಮೇಳನವೊಂದರಲ್ಲಿ ಭದ್ರತಾ ಸಂಶೋಧಕ ಟ್ರಾಮೆಲ್ ಹಡ್ಸನ್ ಥಂಡರ್‌ಸ್ಟ್ರೈಕ್ ಅನ್ನುವ ದಾಳಿಯನ್ನು ತೋರಿಸಿದರು. ಥಂಡರ್‌ಬೋಲ್ಟ್ ಕಿಂಡಿಗೆ ಚುಚ್ಚುವ ಒಂದು ಈಥರ್ನೆಟ್ ಅಡಾಪ್ಟರ್. ಅದರ ಆಪ್ಷನ್ ರೋಮಿನಲ್ಲಿ ತಮ್ಮ ಕೋಡ್ ಇಟ್ಟು, ಮ್ಯಾಕ್‌ಬುಕ್ಕಿನ ಬೋರ್ಡಿನೊಳಗಿನ ಮೂಲ ಪ್ರೋಗ್ರಾಂ ಆದ ಫರ್ಮ್‌ವೇರನ್ನೇ ಬದಲಾಯಿಸಿಬಿಟ್ಟರು. ಹಾರ್ಡ್ ಡಿಸ್ಕ್ ತೆಗೆದು ಹೊಸದು ಹಾಕಿದರೂ ಆ ಕೋಡ್ ಹೋಗುವುದಿಲ್ಲ. ಆ ಮ್ಯಾಕ್‌ಗಳು ಆಪ್ಷನ್ ರೋಮಿಗೆ ಸಹಿ ಕೇಳುತ್ತಿರಲಿಲ್ಲ. ಹಾಗಾಗಿ ಈ ಬಿಗಿ ಅನಗತ್ಯ ಕಿರುಕುಳ ಅಂತ ನನಗೆ ಅನಿಸುವುದಿಲ್ಲ. ಕಿರುಕುಳ ಇರುವುದು, ಬೇಡ ಅಂದಿದ್ದನ್ನು ಬೋರ್ಡ್ ಬಾಯಿಬಿಟ್ಟು ಹೇಳದೇ ಇರುವುದರಲ್ಲಿ. ಹೇಳೋಣ ಅಂದರೆ ಪರದೆಯೇ ಇಲ್ಲ, ಆ ಪಾಪದ್ದು ಎಲ್ಲಿ ಹೇಳಬೇಕು!

ಬೋರ್ಡಿನೊಳಗೆ `db` ಅಂತ ಒಂದು ಪಟ್ಟಿ ಇರುತ್ತೆ, ಯಾರ ಸಹಿಯನ್ನು ನಂಬಬೇಕು ಅನ್ನುವ ಪಟ್ಟಿ. ಕಾರ್ಡ್ ಕಂಪನಿಗಳು ತಮ್ಮ ಜಿಒಪಿಗೆ ಮೈಕ್ರೋಸಾಫ್ಟಿನಿಂದ ಸಹಿ ಹಾಕಿಸಿಕೊಳ್ಳುತ್ತವೆ. ಇಷ್ಟು ವರ್ಷ ಆ ಸಹಿ `Microsoft Corporation UEFI CA 2011` ಅನ್ನುವ ಸರ್ಟಿಫಿಕೇಟಿನಿಂದ ಬರುತ್ತಿತ್ತು. ಲಿನಕ್ಸ್‌ನ ಬೂಟ್ ಫೈಲಿಗೂ ಅದೇ. ಆ ಸರ್ಟಿಫಿಕೇಟಿನ ಅವಧಿ 2026ರ ಜೂನ್ ವರೆಗೆ. ಅದರ ಜಾಗಕ್ಕೆ ಈಗ ಎರಡು ಬಂದಿವೆ. ಬೂಟ್ ಫೈಲುಗಳಿಗೆ `Microsoft UEFI CA 2023`, ಕಾರ್ಡುಗಳಿಗೆ `Microsoft Option ROM UEFI CA 2023`. ಬೇರೆ ಮಾಡಿದ್ದು ಒಳ್ಳೆಯದೇ ಆಯ್ತು. ಮೊದಲು ಹೊರಗಿನವರ ಬೂಟ್ ಫೈಲ್ ಬೇಡ ಅಂತ 2011ರ ಸರ್ಟಿಫಿಕೇಟ್ ತೆಗೆದರೆ ಗ್ರಾಫಿಕ್ಸ್ ಕಾರ್ಡೂ ಅದರ ಜೊತೆಗೇ ಹೊರಗೆ ಬೀಳುತ್ತಿತ್ತು.

ಅವಧಿ ಮುಗಿದ ದಿನ ಎಲ್ಲ ಕಾರ್ಡೂ ಕಪ್ಪಾಗಿಬಿಡುತ್ತೆ ಅನ್ನುವ ಗಾಬರಿ ಬೇಡ. ಬೂಟ್ ಆಗುವಾಗ ಫರ್ಮ್‌ವೇರ್ ಸಾಮಾನ್ಯವಾಗಿ ತಾರೀಕು ನೋಡುವುದಿಲ್ಲ, ಸಹಿ ಪಟ್ಟಿಯಲ್ಲಿದೆಯಾ ಅಂತ ಮಾತ್ರ ನೋಡುತ್ತೆ. 2011ರ ಹೆಸರು `db`ಯಲ್ಲಿ ಇರುವ ತನಕ ಹಳೇ ಸಹಿಯ ಕಾರ್ಡ್ ನಡೆಯುತ್ತೆ. ಸಿಕ್ಕಿಹಾಕಿಕೊಳ್ಳುವುದು ಎರಡು ಕಡೆ. ಹೊಸ ಸಹಿ ಮಾತ್ರ ಇರುವ ಕಾರ್ಡನ್ನು ಹಳೇ ಪಟ್ಟಿ ಇರುವ ಬೋರ್ಡಿಗೆ ಹಾಕಿದಾಗ ಒಂದು. ಹಳೇ ಸಹಿಯ ಕಾರ್ಡನ್ನು, 2011ರ ಹೆಸರೇ ಇಲ್ಲದ ಬೋರ್ಡಿಗೆ ಹಾಕಿದಾಗ ಇನ್ನೊಂದು.

ನಿಮ್ಮ ಪಟ್ಟಿಯಲ್ಲಿ ಏನಿದೆ ಅಂತ ನೋಡಲು ಪವರ್‌ಶೆಲ್ಲನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಹೀಗೆ ಬರೆಯಿರಿ.

```
Confirm-SecureBootUEFI
$db = [Text.Encoding]::ASCII.GetString((Get-SecureBootUEFI db).bytes)
$db -match 'Microsoft Corporation UEFI CA 2011'
$db -match 'Microsoft Option ROM UEFI CA 2023'
```

ಪ್ರತಿ ಪ್ರಶ್ನೆಗೂ `True` ಅಥವಾ `False` ಅಂತ ಉತ್ತರ ಬರುತ್ತೆ. ಕೊನೆಯ ಎರಡೂ `True` ಇದ್ದರೆ ಹಳೇ ಸಹಿ, ಹೊಸ ಸಹಿ ಎರಡಕ್ಕೂ ಬಾಗಿಲು ತೆರೆದಿದೆ.

ವಿಂಡೋಸ್ ಅಪ್‌ಡೇಟ್ ಈ ಹೊಸ ಹೆಸರುಗಳನ್ನು ತಾನೇ ಸೇರಿಸುತ್ತಾ ಬರುತ್ತಿದೆ, ಆದರೆ ಸೆಕ್ಯೂರ್ ಬೂಟ್ ಆನ್ ಇರುವ ಮೆಷಿನ್ನುಗಳಲ್ಲಿ. ಹಳೇ ಕಾರ್ಡಿಗಾಗಿ ಸಿಎಸ್‌ಎಂ ಹಾಕಿಕೊಂಡು ಕೂತವರಿಗೆ ಅದು ಸಿಗುವುದಿಲ್ಲ. ಅಂದರೆ ತೋಟದ ಆಫೀಸಿನಂಥ ಮೆಷಿನ್ನಿಗೆ ಮುಂದೆ ಒಂದು ದಿನ ಹೊಚ್ಚ ಹೊಸ ಕಾರ್ಡ್ ತಂದು, ಸೆಕ್ಯೂರ್ ಬೂಟ್ ಆನ್ ಮಾಡಿದರೆ, ಆಗಲೂ ಕಪ್ಪು ಪರದೆ ಬರಬಹುದು. ಹಾಗಾಗಿ ಹಳೇ ಬೋರ್ಡಿನಲ್ಲಿ ಬೋರ್ಡ್ ಕಂಪನಿಯ ಇತ್ತೀಚಿನ ಬಯೋಸ್ ಅಪ್‌ಡೇಟನ್ನು ಮೊದಲು ಹಾಕುವುದು ಒಳ್ಳೆಯದು. ಬಯೋಸಿನಲ್ಲಿ `Restore Factory Keys` ಅನ್ನುವ ಗುಂಡಿಯನ್ನೂ ಯೋಚಿಸಿ ಒತ್ತಿ. ಅದು ಆ ಬಯೋಸಿನ ಒಳಗಿರುವ ಮೂಲ ಪಟ್ಟಿಯನ್ನು ಹಾಕುತ್ತೆ. ಬಯೋಸ್ ಹಳೆಯದಾಗಿದ್ದರೆ ವಿಂಡೋಸ್ ಸೇರಿಸಿದ್ದ 2023ರ ಹೆಸರುಗಳು ಅಳಿಸಿಹೋಗುತ್ತವೆ.

ಲಿನಕ್ಸಿನಲ್ಲಿ ತಮ್ಮದೇ ಸಹಿಯ ಕೀಲಿ ಹಾಕಿಕೊಳ್ಳುವ ಹುರುಪಿನವರಿಗೂ ಇದೇ ಅಪಾಯ, ಇನ್ನೂ ಜೋರಾಗಿ. ಮೈಕ್ರೋಸಾಫ್ಟಿನ ಹೆಸರು ಬೇಡವೇ ಬೇಡ ಅಂತ ಪಟ್ಟಿಯಿಂದ ತೆಗೆದರೆ ಗ್ರಾಫಿಕ್ಸ್ ಕಾರ್ಡಿನ ಜಿಒಪಿಗೂ ಬಾಗಿಲು ಮುಚ್ಚುತ್ತೆ. ಕೀಲಿ ಸೇರಿಸುವ `sbctl enroll-keys` ಅದಕ್ಕೇ ಆಪ್ಷನ್ ರೋಮ್ ಕಂಡರೆ ಎಚ್ಚರಿಸಿ ನಿಲ್ಲುತ್ತೆ. `-m` ಸೇರಿಸಿ ಹಾಕಿದರೆ ಮೈಕ್ರೋಸಾಫ್ಟಿನ ಕೀಲಿಗಳೂ ಉಳಿಯುತ್ತವೆ.

ಸೆಕ್ಯೂರ್ ಬೂಟನ್ನು ಆನ್, ಆಫ್ ಮಾಡುವ ಮೊದಲು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದೆಯಾ ನೋಡಿಕೊಳ್ಳಿ. ಸೆಕ್ಯೂರ್ ಬೂಟಿನ ಸ್ಥಿತಿ ಬದಲಾದರೆ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳುತ್ತೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಪವರ್‌ಶೆಲ್ಲಿನಲ್ಲಿ `manage-bde -protectors -get C:` ಅಂತ ಕೊಟ್ಟು ಬರುವ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಬಯೋಸಿಗೆ ಹೋಗಿ.

ನೆಟ್‌ವರ್ಕ್ ಕಾರ್ಡ್ ಯಾಕೆ ಸದ್ದು ಮಾಡಲ್ಲ

ಇದೇ ನಿಯಮ ನೆಟ್‌ವರ್ಕ್ ಕಾರ್ಡಿಗೂ ಇದೆ, ಆದರೆ ಯಾರೂ ದೂರು ಹೇಳುವುದಿಲ್ಲ. ನೆಟ್‌ವರ್ಕ್ ಕಾರ್ಡಿನ ಆಪ್ಷನ್ ರೋಮ್ ಬೇಕಾಗುವುದು ಒಂದೇ ಕೆಲಸಕ್ಕೆ, ನೆಟ್ಟಿನಿಂದ ಬೂಟ್ ಮಾಡುವುದಕ್ಕೆ. ಬೋರ್ಡ್ ಆ ರೋಮನ್ನು ಓಡಿಸದಿದ್ದರೂ ವಿಂಡೋಸ್ ಎದ್ದ ಮೇಲೆ ಅದರ ಡ್ರೈವರ್ ಕಾರ್ಡನ್ನು ತಾನೇ ಎಬ್ಬಿಸಿಕೊಳ್ಳುತ್ತೆ, ಇಂಟರ್ನೆಟ್ ಬರುತ್ತೆ. ಗ್ರಾಫಿಕ್ಸ್ ಕಾರ್ಡಿನಲ್ಲೂ ಕೆಲವೊಮ್ಮೆ ಹೀಗೆ ಆಗುವುದುಂಟು. ಲೋಗೋ ಕಾಣಲ್ಲ, ಬಯೋಸ್ ಕಾಣಲ್ಲ, ಲಾಗಿನ್ ಪರದೆ ಮಾತ್ರ ಥಟ್ಟನೆ ಬರುತ್ತೆ. ಆದರೆ ಎಲ್ಲ ಹಳೇ ಕಾರ್ಡುಗಳ ಡ್ರೈವರಿಗೂ ಆ ಶಕ್ತಿ ಇಲ್ಲ, ರೋಮ್ ಮೊದಲು ಎಬ್ಬಿಸಿರಬೇಕು. ಜಿಟಿ 610 ವಿಷಯದಲ್ಲಿ ವಿಂಡೋಸ್ ಎದ್ದ ಮೇಲೂ ಪರದೆ ಬರದೇ ಇದ್ದದ್ದು ಹಾಗೆ.

ಬಿಸಿ ಮುಟ್ಟುವುದು ಶಾಲೆ, ಕಾಲೇಜುಗಳ ಲ್ಯಾಬಿನಲ್ಲಿ. ಒಂದು ಸರ್ವರಿನಿಂದ ಎಲ್ಲ ಮೆಷಿನ್ನುಗಳಿಗೂ ನೆಟ್ಟಿನ ಮೂಲಕ ಬೂಟ್ ಕೊಡುತ್ತಿದ್ದವರು ಸಿಎಸ್‌ಎಂ ಆಫ್ ಮಾಡಿದ ದಿನ, ಹಳೇ ಕಾರ್ಡಿನ ಹೆಸರು ಬೂಟ್ ಪಟ್ಟಿಯಿಂದಲೇ ಮಾಯವಾಗಿರುತ್ತೆ. ಕೇಬಲ್ ನೋಡುತ್ತಾರೆ, ಸ್ವಿಚ್ ನೋಡುತ್ತಾರೆ, ಕಾರ್ಡಿನ ದೀಪ ಮಿಣುಕುತ್ತಲೇ ಇರುತ್ತೆ. ನೆಟ್ಟಿನಿಂದ ಬೂಟ್ ಮಾಡಿಸುವ ಪಿಎಕ್ಸ್‌ಇ ಕೋಡ್ ಲೆಗಸಿ ರೋಮಿನಲ್ಲಿ ಮಾತ್ರ ಇರುವ ಕಾರ್ಡಾದರೆ ಸಿಎಸ್‌ಎಂ ಇಲ್ಲದೆ ನಡೆಯಲ್ಲ. ಅದೇ ಕೆಲಸ ಮಾಡುವ ಐಪಿಎಕ್ಸ್‌ಇಯನ್ನು ತಾವೇ ಕಂಪೈಲ್ ಮಾಡಿ ಕಾರ್ಡಿಗೆ ಬರೆದಿದ್ದರೆ ಅದಕ್ಕೆ ಸಹಿ ಇಲ್ಲ, ಸೆಕ್ಯೂರ್ ಬೂಟ್ ಅದನ್ನು ಬಿಡಲ್ಲ. ಇಂಥ ಕಡೆ ಕಾರ್ಡನ್ನು ಬಿಟ್ಟು ಬೋರ್ಡಿನ ಮೇಲೇ ಇರುವ ನೆಟ್‌ವರ್ಕ್ ಕಿಂಡಿಗೆ ಕೇಬಲ್ ಹಾಕಿ, ಬಯೋಸಿನಲ್ಲಿ `Network Stack` ಆನ್ ಮಾಡಿ ನೋಡಿ. ಅದರ ಡ್ರೈವರ್ ಸಾಮಾನ್ಯವಾಗಿ ಬಯೋಸಿನ ಒಳಗೇ ಇರುತ್ತೆ. ಆದರೆ ಸರ್ವರ್ ಕಳಿಸುವ ಬೂಟ್ ಫೈಲ್ ಯುಇಎಫ್‌ಐನದ್ದಾಗಿರಬೇಕು, ಅದಕ್ಕೂ ಸಹಿ ಇರಬೇಕು. ಹಳೇ `pxelinux.0` ಕಳಿಸುತ್ತಾ ಕೂತರೆ ಅದು ಓಡುವುದಿಲ್ಲ.